ಕೃತಜ್ಞತೆಯ ಪುಟದಲ್ಲಿ ಯಂತ್ರದ ಲೆಕ್ಕ

ಮಹಾಪ್ರಬಂಧದಲ್ಲಿ ಎಲ್ಲಕ್ಕಿಂತ ಕೊನೆಗೆ ಬರೆಯುವ ಪುಟ ಕೃತಜ್ಞತೆಯದು. ನಾಲ್ಕೈದು ವರ್ಷದ ಕೆಲಸ ಮುಗಿದು, ಡಿಟಿಪಿ ಅಂಗಡಿಯಲ್ಲಿ ಪುಟಸಂಖ್ಯೆ ಸರಿಮಾಡಿಸಿ, ನಾಳೆ ಬೈಂಡಿಂಗ್‌ಗೆ ಕೊಡಬೇಕು ಅನ್ನುವ ರಾತ್ರಿ ಅದನ್ನು ಬರೆಯುತ್ತಾರೆ. ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಗ್ರಂಥಾಲಯದ ಸಿಬ್ಬಂದಿ, ಅಪ್ಪ ಅಮ್ಮ, ಹಾಸ್ಟೆಲಿನ ಗೆಳೆಯರು, ಅಚ್ಚುಕಟ್ಟಾಗಿ ಅಕ್ಷರ ಜೋಡಿಸಿಕೊಟ್ಟವರು, ಹೀಗೆ ಒಬ್ಬೊಬ್ಬರನ್ನೇ ನೆನೆಯುತ್ತಾ ಪುಟ ತುಂಬುತ್ತದೆ. ಈಚೆಗೆ ಆ ಪುಟದ ತುದಿಗೆ ಹೊಸದೊಂದು ಸಾಲು ಬಂದು ಕೂತಿದೆ: ‘ಭಾಷೆಯ ಸುಧಾರಣೆಗಾಗಿ ಎಐ ಉಪಕರಣಗಳ ನೆರವು ಪಡೆಯಲಾಗಿದೆ.’

ಪ್ರಬಂಧಗಳನ್ನು ಓದಿ ವರದಿ ಬರೆಯುವ ಕೆಲಸ ನನ್ನದೂ ಆಗಿರುವುದರಿಂದ ಈ ಸಾಲಿನ ಮುಂದೆ ನಾನು ಪ್ರತಿಸಲ ನಿಂತುಬಿಡುತ್ತೇನೆ. ಬರೆದವರಿಗೆ ಮೋಸದ ಉದ್ದೇಶ ಇರುವುದಿಲ್ಲ. ಹೇಳದೆ ಮುಚ್ಚಿಡುವುದು ತಪ್ಪು ಅನ್ನಿಸಿದ್ದಕ್ಕೇ ಅವರು ಅದನ್ನು ಬರೆದಿರುತ್ತಾರೆ. ಆದರೆ ಆ ಸಾಲು ಓದಿದ ಮೇಲೆ ನನಗೆ ಏನು ತಿಳಿಯಿತು? ಯಾವ ಅಧ್ಯಾಯದ ಭಾಷೆ? ಸುಧಾರಣೆ ಅಂದರೆ ಕಾಗುಣಿತವೋ, ವಾಕ್ಯವೋ, ವಾದವೋ? ಸುಧಾರಿಸಿದ ಮೇಲೆ ಮೂಲದ ಅರ್ಥ ಉಳಿದಿದೆಯೇ ಎಂದು ನೋಡಿದವರು ಯಾರು? ‘ಪಡೆಯಲಾಗಿದೆ’ ಎಂಬ ಕರ್ತೃವಿಲ್ಲದ ಕ್ರಿಯಾಪದದಲ್ಲಿ ಪಡೆದವರೇ ಕಾಣುವುದಿಲ್ಲ. ಹೇಳಿದ ಹಾಗೂ ಆಯಿತು, ಏನೂ ಹೇಳದ ಹಾಗೂ ಆಯಿತು.

ಪ್ರಾಮಾಣಿಕವಾದ ಹೇಳಿಕೆಗೆ ನನ್ನ ಅಳತೆ ಇಷ್ಟೇ: ಅದನ್ನು ಓದಿದ ಪರೀಕ್ಷಕರಿಗೆ ಪ್ರಬಂಧದ ಯಾವ ಪುಟವನ್ನು ಹೆಚ್ಚು ಎಚ್ಚರದಿಂದ ಓದಬೇಕು ಎಂಬುದು ಗೊತ್ತಾಗಬೇಕು. ಅದು ಗೊತ್ತಾಗದಿದ್ದರೆ ಹೇಳಿಕೆ ಎಷ್ಟೇ ವಿನಯದಿಂದ ಕೂಡಿರಲಿ, ಅದರಿಂದ ಆಗಬೇಕಾದ ಕೆಲಸ ಆಗಿಲ್ಲ.

ಕೃತಜ್ಞತೆಯ ಪುಟಕ್ಕೆ ಒಂದು ವಿಚಿತ್ರ ಸ್ಥಾನವಿದೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ, 10ರಿಂದ 40ರವರೆಗೆ ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಎಲ್ಲ ಸಂಶೋಧನಾರ್ಥಿಗಳಿಗೂ ಬಾಯಿಪಾಠ. ಅದೇ ನಿಯಮಾವಳಿಯಲ್ಲಿ ಹೋಲಿಕೆಯ ತಪಾಸಣೆಯಿಂದ ಹೊರಗಿಡಬೇಕಾದ ಭಾಗಗಳ ಪಟ್ಟಿಯೂ ಇದೆ. ಪರಾಮರ್ಶನ ಸೂಚಿ, ಪರಿವಿಡಿ, ಮುನ್ನುಡಿಗಳ ಜೊತೆಗೆ ಕೃತಜ್ಞತೆಯೂ ಆ ಪಟ್ಟಿಯಲ್ಲಿದೆ. ಅಂದರೆ ತಂತ್ರಾಂಶ ಕಣ್ಣುಹಾಯಿಸದ ಪುಟದಲ್ಲಿ ನಾವು ಯಂತ್ರದ ವಿಷಯ ಬರೆಯುತ್ತಿದ್ದೇವೆ. ಅಲ್ಲಿ ಬರೆದದ್ದನ್ನು ಪರಿಶೀಲಿಸುವುದು ಮನುಷ್ಯರು ಮಾತ್ರ, ಅದೂ ಓದಿದರೆ.

ಯಂತ್ರ ಬರೆದದ್ದನ್ನು ಹಿಡಿಯುವ ತಂತ್ರಾಂಶಗಳು ಇವೆಯಲ್ಲ ಎಂದು ಕೇಳಬಹುದು. ಚಾಟ್‌ಜಿಪಿಟಿಯನ್ನು 2022ರ ನವೆಂಬರಿನಲ್ಲಿ ಹೊರತಂದ ಓಪನ್‌ಎಐ ಸಂಸ್ಥೆ ಅಂಥದ್ದೊಂದು ಪತ್ತೆ ಉಪಕರಣವನ್ನೂ ಬಿಟ್ಟಿತ್ತು. ಅದರ ಫಲಿತಾಂಶ ನಂಬುವಷ್ಟು ನಿಖರವಾಗಿಲ್ಲವೆಂದು 2023ರ ಜುಲೈನಲ್ಲಿ ತಾನೇ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತ ಕೈಯಿಂದ ಬರೆದ ಪರೀಕ್ಷಾ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಪತ್ತೆ ಉಪಕರಣಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು ತೋರಿಸಿದರು. ನಮ್ಮ ಸಂಶೋಧನಾರ್ಥಿಗಳಿಗೆ ಇದು ದೂರದ ಸುದ್ದಿಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನ ಸಾರಾಂಶವನ್ನು ಕಷ್ಟಪಟ್ಟು ಸರಳ ವಾಕ್ಯಗಳಲ್ಲಿ ಬರೆದವರೇ ಅಪರಾಧಿಗಳಾಗಿ ನಿಲ್ಲುವ ಸಂಭವವಿದೆ. ಹಾಗಾಗಿ ಕೊನೆಗೆ ಉಳಿಯುವುದು ಬರೆದವರ ಮಾತು. ಆ ಮಾತು ಪರೀಕ್ಷಿಸಿ ನೋಡಬಹುದಾದಷ್ಟು ವಿವರವಾಗಿರಬೇಕು.

ಒಂದು ಪ್ರಬಂಧವನ್ನೇ ಎದುರಿಗಿಟ್ಟುಕೊಂಡು ನೋಡೋಣ. ಇದು ಯಾರೊಬ್ಬರದೂ ಅಲ್ಲ. ನನ್ನ ಮೇಜಿಗೆ ಬಂದ ಹಲವು ಪ್ರಬಂಧಗಳ ಅಂಶಗಳನ್ನು ಸೇರಿಸಿ ಉದಾಹರಣೆಗೆಂದು ಕಲ್ಪಿಸಿಕೊಂಡದ್ದು, ಇದರ ಅಂಕಿಗಳೂ ಹಾಗೆಯೇ. ಸ್ವಾತಂತ್ರ್ಯಪೂರ್ವದ ಕನ್ನಡ ಮಾಸಪತ್ರಿಕೆಗಳಲ್ಲಿ ಮಹಿಳೆಯರಿಗೆಂದು ಬರುತ್ತಿದ್ದ ಅಂಕಣಗಳು ಸಂಶೋಧನಾರ್ಥಿನಿಯ ವಿಷಯ. ಹಳೆಯ ಸಂಪುಟಗಳಿಂದ 400 ಬರಹಗಳನ್ನು ಸ್ಕ್ಯಾನ್ ಮಾಡಿದ್ದಾರೆ. ಆ ಚಿತ್ರಗಳನ್ನು ಅಕ್ಷರವಾಗಿಸಲು ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಬಳಸಿದ್ದಾರೆ. ಬಂದ ಪಠ್ಯವನ್ನು ಒಂದು ಭಾಷಾ ಮಾದರಿಗೆ ಕೊಟ್ಟು ತಪ್ಪು ತಿದ್ದಿಸಿದ್ದಾರೆ. ಅದೇ ಮಾದರಿಯಿಂದ ಬರಹಗಳನ್ನು ಅಡುಗೆ, ಆರೋಗ್ಯ, ಮಕ್ಕಳ ಪಾಲನೆ, ಮನೆವಾರ್ತೆ ಎಂದು ವಿಂಗಡಿಸಿದ್ದಾರೆ. ಎರಡನೆಯ ಅಧ್ಯಾಯದ ಕೆಲವು ಪ್ಯಾರಾಗಳನ್ನು ತಿದ್ದಿಸಿ, ಕನ್ನಡ ಸಾರಾಂಶವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿದ್ದಾರೆ. ಈಗ ಇವರು ಆ ಕೊನೆಯ ರಾತ್ರಿ ಬರೆಯುವುದು ಮತ್ತದೇ ಸಾಲು: ಭಾಷೆಯ ಸುಧಾರಣೆಗಾಗಿ ನೆರವು ಪಡೆಯಲಾಗಿದೆ.

ಮೊದಲು ಓಸಿಆರ್ ನೋಡಿ. ಹಳೆಯ ಅಚ್ಚಿನ ಕನ್ನಡದಲ್ಲಿ ದ, ಧ, ಥ ಅಕ್ಷರಗಳಿಗೆ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆಯಷ್ಟು. ಮಸಿ ಹರಡಿದ್ದರೆ ಅಥವಾ ಮೊಳೆ ಸವೆದಿದ್ದರೆ ಅದು ಅಳಿಸಿಹೋಗುತ್ತದೆ. ಕಷಾಯ ಮಾಡುವ ಬಗೆ ಹೇಳುವ ಮೂಲ ಪುಟದಲ್ಲಿ ‘ಒಂದು ಹಿಡಿ ಧನಿಯ’ ಎಂದಿದ್ದದ್ದು ‘ಒಂದು ಹಿಡಿ ದನಿಯ’ ಎಂದು ಬಂತು ಎನ್ನಿ. ಇದು ತಪ್ಪು ಎಂದು ಯಾರಿಗಾದರೂ ಗೊತ್ತಾಗುತ್ತದೆ. ದನಿಯನ್ನು ಹಿಡಿಯಲ್ಲಿ ಅಳೆಯುವುದಿಲ್ಲವಲ್ಲ. ಓಸಿಆರ್ ಮಾಡುವ ತಪ್ಪು ಸಾಮಾನ್ಯವಾಗಿ ಹೀಗೆ ಮುಖಕ್ಕೆ ಹೊಡೆಯುತ್ತದೆ, ಓದುವವರ ಕಣ್ಣು ಎಡವುತ್ತದೆ, ಮೂಲ ಪುಟಕ್ಕೆ ಹೋಗಿ ನೋಡುತ್ತಾರೆ.

ಆದರೆ ಇದೇ ಸಾಲನ್ನು ಭಾಷಾ ಮಾದರಿಯ ಕೈಗೆ ಕೊಟ್ಟಾಗ ಅದು ಮೂಲ ಪುಟವನ್ನು ನೋಡುವುದಿಲ್ಲ. ಅಕ್ಕಪಕ್ಕದ ಪದಗಳಿಗೆ ಯಾವುದು ಹೊಂದುತ್ತದೋ ಅದನ್ನು ತಂದಿಡುತ್ತದೆ. ‘ಒಂದು ಹಿಡಿ ಧಾನ್ಯ’ ಎಂದು ತಿದ್ದಿತೆನ್ನಿ. ಈಗ ವಾಕ್ಯ ನುಣುಪಾಗಿದೆ, ಕಣ್ಣು ಎಡವುವುದಿಲ್ಲ, ಕಷಾಯ ಗಂಜಿಯಾಗಿಬಿಟ್ಟಿದೆ. ಇಲ್ಲಿ ಯಂತ್ರ ತಪ್ಪನ್ನು ತೆಗೆಯಲಿಲ್ಲ, ಅದರ ಗುರುತನ್ನು ತೆಗೆಯಿತು. ಆದ್ದರಿಂದ ಓಸಿಆರ್ ಬಳಸಿದೆ ಎಂದು ಹೇಳುವುದೂ, ಓಸಿಆರ್ ಪಠ್ಯವನ್ನು ಭಾಷಾ ಮಾದರಿಯಿಂದ ತಿದ್ದಿಸಿದೆ ಎಂದು ಹೇಳುವುದೂ ಒಂದೇ ಅಲ್ಲ. ಎರಡನ್ನೂ ‘ಎಐ ಉಪಕರಣ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಪರೀಕ್ಷಕರು ತಿಳಿಯಲೇಬೇಕಾದ ವ್ಯತ್ಯಾಸ ಕಳೆದುಹೋಗುತ್ತದೆ. ಉಲ್ಲೇಖಿಸಿದ ಪ್ರತಿ ಸಾಲನ್ನೂ ಸ್ಕ್ಯಾನ್ ಚಿತ್ರದ ಜೊತೆ ಇಟ್ಟು ಓದಿದ್ದೇನೆ ಎಂಬ ಮಾತು ಹೇಳಿಕೆಯಲ್ಲಿ ಇರಬೇಕು. ಹಾಗೆ ಓದಿಲ್ಲವಾದರೆ ಅದನ್ನೂ ಹೇಳಬೇಕು.

ಇನ್ನು ವಿಂಗಡಣೆ. ಯಂತ್ರ 400 ಬರಹಗಳಲ್ಲಿ 72 ಆರೋಗ್ಯದವು, 180 ಅಡುಗೆಯವು ಎಂದಿತು. ಸಂಶೋಧನಾರ್ಥಿನಿ ಚೀಟಿ ಎತ್ತಿದ ಹಾಗೆ 100 ಬರಹಗಳನ್ನು ಆರಿಸಿ ತಾವೇ ಓದಿ ನೋಡಿದರು. 14 ಕಡೆ ಯಂತ್ರದ ವಿಂಗಡಣೆ ತಪ್ಪಿತ್ತು. ಇಷ್ಟಕ್ಕೇ ನಿಂತು ಶೇಕಡಾ 86 ಸರಿಯಾಗಿದೆ ಎಂದು ಬರೆದಿದ್ದರೆ ನಾವೂ ತಲೆದೂಗುತ್ತಿದ್ದೆವು. ಆದರೆ ಅವರು ಆ 14ನ್ನು ಒಂದೊಂದಾಗಿ ಮತ್ತೆ ನೋಡಿದರು. ಅವುಗಳಲ್ಲಿ 9 ಒಂದೇ ಬಗೆಯವು: ಮನೆಮದ್ದಿನ ಬರಹಗಳು ಅಡುಗೆಯ ಗುಂಪಿಗೆ ಹೋಗಿದ್ದವು. ಕಾರಣ ಸ್ಪಷ್ಟ. ಕಷಾಯಕ್ಕೂ ಸಾರಿಗೂ ಬೇಕಾದ ಸಾಮಾನು ಅವೇ, ಮೆಣಸು, ಜೀರಿಗೆ, ಶುಂಠಿ, ಧನಿಯ. ಕುದಿಸು, ಸೋಸು, ಇಳಿಸು ಎಂಬ ಕ್ರಿಯಾಪದಗಳೂ ಅವೇ. ಬಾಣಂತಿಗೆ ಕೊಡಬೇಕು ಎಂಬ ಒಂದು ಮಾತು ಕೊನೆಯ ಸಾಲಿನಲ್ಲಿ ಎಲ್ಲೋ ಇರುತ್ತದೆ.

ತಪ್ಪು ಒಂದೇ ಕಡೆ ವಾಲಿದೆ ಎಂದು ಗೊತ್ತಾದ ಮೇಲೆ ಅವರು ಅಡುಗೆ ಎಂದು ಗುರುತಾಗಿದ್ದ 180ನ್ನೂ ಪೂರ್ತಿ ಓದಿದರು. 33 ಬರಹಗಳು ಆರೋಗ್ಯದ ಕಡೆಗೆ ಬಂದವು. 72 ಇದ್ದದ್ದು 105 ಆಯಿತು. ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದ ಆರೋಗ್ಯದ ಬರಹ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತು. ಆ ಕಾಲದ ಪತ್ರಿಕೆಗಳು ಹೆಂಗಸರನ್ನು ಒಲೆಯ ಮುಂದೆ ಮಾತ್ರ ಕಂಡವೋ, ಮನೆಯ ವೈದ್ಯೆಯಾಗಿಯೂ ಕಂಡವೋ ಎಂಬ ಅಧ್ಯಾಯದ ವಾದವೇ ಈ ಅಂಕಿಯ ಮೇಲೆ ನಿಂತಿದೆ. ಇದನ್ನು ‘ಭಾಷೆಯ ಸುಧಾರಣೆ’ ಎನ್ನಲು ಹೇಗೆ ಸಾಧ್ಯ?

ಇದು ಕೃತಜ್ಞತೆಯ ಪುಟಕ್ಕೆ ಸೇರಿದ್ದೂ ಅಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ತನ್ನ ಶಿಫಾರಸುಗಳಲ್ಲಿ ಒಂದು ಗೆರೆ ಎಳೆದಿದೆ. ಬರವಣಿಗೆಗೆ ಎಐ ನೆರವು ಪಡೆದಿದ್ದರೆ ಕೃತಜ್ಞತೆಯಲ್ಲಿ ಹೇಳಿ, ದತ್ತಾಂಶದ ಸಂಗ್ರಹ, ವಿಶ್ಲೇಷಣೆ ಅಥವಾ ಚಿತ್ರಗಳ ತಯಾರಿಗೆ ಪಡೆದಿದ್ದರೆ ಸಂಶೋಧನಾ ವಿಧಾನದ ಭಾಗದಲ್ಲಿ ಹೇಳಿ ಎನ್ನುತ್ತದೆ ಅದು. ಯಂತ್ರ ಲೇಖಕನಾಗಲಾರದು, ಹೊಣೆ ಹೊರುವುದು ಅದಕ್ಕೆ ಸಾಧ್ಯವಿಲ್ಲ ಎಂದು ಪ್ರಕಾಶನ ನೈತಿಕತೆಯ ಸಮಿತಿ ‘ಕೋಪ್’ 2023ರ ಆರಂಭದಲ್ಲೇ ಹೇಳಿತ್ತು. ಈ ಮಾತುಗಳು ಪತ್ರಿಕಾ ಲೇಖನಗಳಿಗೆಂದು ಹೇಳಿದವು. ಆದರೂ ಆ ಗೆರೆ ಕನ್ನಡ ವಿಭಾಗದ ಮಹಾಪ್ರಬಂಧಕ್ಕೂ ಚೆನ್ನಾಗಿ ಒಪ್ಪುತ್ತದೆ. ನಮ್ಮಲ್ಲಿ ಎಷ್ಟೋ ಪ್ರಬಂಧಗಳಲ್ಲಿ ವಿಧಾನದ ಭಾಗ ಎರಡು ಪುಟದ ಶಾಸ್ತ್ರವಾಗಿ ಮುಗಿಯುತ್ತದೆ. ಅದಕ್ಕೇ ಹೇಳಬೇಕಾದದ್ದೆಲ್ಲ ಕೃತಜ್ಞತೆಯೊಳಕ್ಕೆ ನುಸುಳಿಕೊಳ್ಳುತ್ತದೆ.

ಹಾಗಾದರೆ ಕೃತಜ್ಞತೆಯ ಪುಟದಲ್ಲಿ ಏನಿರಬೇಕು? ಯಂತ್ರಕ್ಕೆ ಧನ್ಯವಾದ ಇರಬಾರದು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಆ ಪುಟದಲ್ಲಿರುವವರೆಲ್ಲ ತಮ್ಮ ಹೊತ್ತನ್ನು ಕೊಟ್ಟವರು. ಬೇಡ ಎನ್ನಬಹುದಾಗಿದ್ದರೂ ಆಗಲಿ ಎಂದವರು. ಭಾನುವಾರ ಬೀಗ ತೆಗೆದುಕೊಟ್ಟ ಗ್ರಂಥಪಾಲಕರ ಪಕ್ಕದಲ್ಲಿ ತಂತ್ರಾಂಶದ ಹೆಸರು ಕೂತರೆ ಗ್ರಂಥಪಾಲಕರ ಋಣ ಹಗುರಾಗುತ್ತದೆ, ತಂತ್ರಾಂಶದ ಹೊಣೆ ಮರೆಯಾಗುತ್ತದೆ. ಧನ್ಯವಾದದ ಸ್ವರದಲ್ಲಿ ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ತೊಂದರೆ ಅದೇ. ಹೆಸರು ಹೇಳುತ್ತಲೇ ಕೆಲಸವನ್ನು ಮರೆಮಾಡುವುದು ಈ ಪುಟಕ್ಕೆ ಹಳೆಯ ರೂಢಿ. ವರ್ಜೀನಿಯಾ ವಿಶ್ವವಿದ್ಯಾಲಯದ ಸಾಹಿತ್ಯ ಪ್ರಾಧ್ಯಾಪಕ ಬ್ರೂಸ್ ಹೋಲ್ಸಿಂಗರ್ 2017ರಲ್ಲಿ ಹಳೆಯ ವಿದ್ವತ್ ಗ್ರಂಥಗಳ ಇಂಥ ಪುಟಗಳನ್ನು ಒಟ್ಟುಮಾಡಿ ಹಂಚಿಕೊಂಡಿದ್ದರು. ಬೆರಳಚ್ಚು ಮಾಡಿಕೊಟ್ಟ ಹೆಂಡತಿಗೆ ಕೃತಜ್ಞತೆ ಎಂದು ಪುಟದಿಂದ ಪುಟಕ್ಕೆ ಬರುತ್ತದೆ, ಬಹಳ ಕಡೆ ಆಕೆಯ ಹೆಸರಿಲ್ಲ. ಆಕೆ ಬರಿ ಬೆರಳಚ್ಚು ಮಾಡಿದಳೋ, ಕರಡು ತಿದ್ದಿದಳೋ, ಅನುವಾದಿಸಿದಳೋ ಎಂಬುದು ‘ನೆರವು’ ಎಂಬ ಪದದ ಹಿಂದೆ ಮುಚ್ಚಿಹೋಯಿತು. ಈಗ ಯಂತ್ರದ ವಿಷಯದಲ್ಲಿ ಅದೇ ಪದ ಅದೇ ಕೆಲಸ ಮಾಡುತ್ತಿದೆ.

ಆದ್ದರಿಂದ ಜನರಿಗೆ ಸಲ್ಲಬೇಕಾದ ಕೃತಜ್ಞತೆ ಮುಗಿದ ಮೇಲೆ, ಒಂದು ಸಾಲು ಬಿಟ್ಟು, ‘ಯಂತ್ರದ ಬಳಕೆ’ ಎಂಬ ಚಿಕ್ಕ ತಲೆಬರಹದಡಿ ಪ್ರತ್ಯೇಕ ಪ್ಯಾರಾ ಇರಲಿ. ನಮ್ಮ ಸಂಶೋಧನಾರ್ಥಿನಿ ಅದನ್ನು ಹೀಗೆ ಬರೆಯಬಹುದು:

‘ಪತ್ರಿಕೆಗಳ ಪುಟಗಳನ್ನು ಪಠ್ಯವಾಗಿಸಲು ಟೆಸರಾಕ್ಟ್ ಬಳಸಿದ್ದೇನೆ, ಆ ಪಠ್ಯವನ್ನು ಭಾಷಾ ಮಾದರಿಯಿಂದ ತಿದ್ದಿಸಿದ್ದೇನೆ. ಪ್ರಬಂಧದಲ್ಲಿ ಉಲ್ಲೇಖಿಸಿದ ಸಾಲುಗಳನ್ನೆಲ್ಲ ಮೂಲ ಪುಟದೊಂದಿಗೆ ಹೋಲಿಸಿದ್ದೇನೆ, ಉಲ್ಲೇಖಿಸದ ಪಠ್ಯವನ್ನು ಹಾಗೆ ಹೋಲಿಸಿಲ್ಲ. ಬರಹಗಳ ಮೊದಲ ವಿಂಗಡಣೆಯನ್ನು ಅದೇ ಮಾದರಿಯಿಂದ ಮಾಡಿಸಿದ್ದೇನೆ. ಅದರ ಕ್ರಮ, ಕಂಡ ತಪ್ಪುಗಳು, ತಿದ್ದಿದ ಬಗೆ ಒಂದನೆಯ ಅಧ್ಯಾಯದ ವಿಧಾನದ ಭಾಗದಲ್ಲೂ ಮೂರನೆಯ ಅನುಬಂಧದಲ್ಲೂ ಇವೆ. ಎರಡನೆಯ ಅಧ್ಯಾಯದ ಮೊದಲ ಭಾಗದಲ್ಲಿ ನಾನು ಬರೆದ ಪ್ಯಾರಾಗಳ ವಾಕ್ಯರಚನೆಯನ್ನು ಅದರ ಸಲಹೆಯಂತೆ ಬದಲಿಸಿದ್ದೇನೆ, ವಾದ ಮತ್ತು ಆಧಾರಗಳು ನನ್ನವು. ಇಂಗ್ಲಿಷ್ ಸಾರಾಂಶ ನನ್ನ ಕನ್ನಡ ಸಾರಾಂಶದ ಯಂತ್ರಾನುವಾದ, ಅದನ್ನು ಸಾಲುಸಾಲಾಗಿ ತಿದ್ದಿದ್ದೇನೆ. ಮೂರು, ನಾಲ್ಕು, ಐದನೆಯ ಅಧ್ಯಾಯಗಳ ಬರವಣಿಗೆಯಲ್ಲಿ ಯಂತ್ರವನ್ನು ಬಳಸಿಲ್ಲ.’

ಇದರ ಜೊತೆಗೆ ಮಾದರಿಯ ಹೆಸರು, ಆವೃತ್ತಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಳಸಿದ್ದು ಎಂಬುದು ಸೇರಬೇಕು. ಈ ಉಪಕರಣಗಳು ಬದಲಾಗುತ್ತಲೇ ಇರುತ್ತವೆ, ಇಂದು ಕೇಳಿದ್ದನ್ನು ಆರು ತಿಂಗಳು ಬಿಟ್ಟು ಕೇಳಿದರೆ ಬೇರೆ ಉತ್ತರ ಬರಬಹುದು. ಪ್ಯಾರಾದಲ್ಲಿ ಗಮನಿಸಬೇಕಾದದ್ದು ಎರಡು ಮಾತು: ಹೋಲಿಸಿಲ್ಲ, ಬಳಸಿಲ್ಲ. ಒಂದು ಈ ಕೆಲಸದ ಮಿತಿಯನ್ನು ಹೇಳುತ್ತದೆ, ಇನ್ನೊಂದು ಗಡಿಯನ್ನು ಹೇಳುತ್ತದೆ. ಕರ್ತೃವೂ ತಿರುಗಿ ಬಂದಿದ್ದಾರೆ: ಬಳಸಿದ್ದೇನೆ, ತಿದ್ದಿದ್ದೇನೆ.

ಪ್ರಬಂಧದ ಮೊದಲ ಪುಟಗಳಲ್ಲೇ ಇರುವ ಘೋಷಣೆಯ ಜೊತೆ ಇಟ್ಟು ಇದನ್ನು ಓದಬೇಕು. ಇದು ನನ್ನ ಸ್ವಂತ ಸಂಶೋಧನೆಯ ಫಲ ಎಂದು ಅಭ್ಯರ್ಥಿ ಅಲ್ಲಿ ಸಹಿ ಹಾಕಿರುತ್ತಾರೆ, ಹೌದು ಎಂದು ಮಾರ್ಗದರ್ಶಕರೂ ಪ್ರಮಾಣಪತ್ರದಲ್ಲಿ ಸಹಿ ಹಾಕಿರುತ್ತಾರೆ. ನೆರವು ಪಡೆಯಲಾಗಿದೆ ಎಂಬ ಮಸುಕು ಸಾಲು ಆ ಘೋಷಣೆಯನ್ನು ಸಂಶಯಕ್ಕೆ ಒಡ್ಡುತ್ತದೆ, ಎಷ್ಟು ಸ್ವಂತ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಬಿಡುತ್ತದೆ. ಗಡಿ ಹಾಕಿದ ಹೇಳಿಕೆ ಅದನ್ನು ಗಟ್ಟಿಮಾಡುತ್ತದೆ. ‘ಸುಮ್ಮನೆ ಯಾಕೆ ಬರೀತೀಯಮ್ಮ, ಇಲ್ಲದ ತೊಂದರೆ’ ಎಂದು ಹೇಳುವ ಮಾರ್ಗದರ್ಶಕರು ಇದನ್ನು ಯೋಚಿಸಬೇಕು. ಆ ಸಹಿ ಅವರದೂ ಹೌದು. ಪ್ರಬಂಧ ಶೋಧಗಂಗಾ ಭಂಡಾರಕ್ಕೆ ಸೇರಿದ ಮೇಲೆ ಬೇರೊಬ್ಬ ಸಂಶೋಧಕರು ಆ ಅಂಕಿಗಳನ್ನು ನಂಬಿ ಮುಂದಿನ ಕೆಲಸ ಮಾಡುತ್ತಾರೆ.

ಕಾಗುಣಿತ ತಪಾಸಕವನ್ನೂ ಹೇಳಬೇಕೇ, ಹುಡುಕಾಟದ ಯಂತ್ರವನ್ನೂ ಹೇಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗೆ. ಆ ಉಪಕರಣ ಇಲ್ಲದಿದ್ದರೆ ಪರೀಕ್ಷಕರು ಅಭ್ಯರ್ಥಿಯದೆಂದು ಮೆಚ್ಚುವ ಯಾವುದಾದರೂ ವಾಕ್ಯ, ಅಂಕಿ, ವರ್ಗೀಕರಣ, ಅನುವಾದ ಬೇರೆಯಾಗಿರುತ್ತಿತ್ತೇ? ಇಲ್ಲವೆಂದರೆ ಬಿಟ್ಟುಬಿಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದ್ದನ್ನೆಲ್ಲ ಬರೆಯುತ್ತಾ ಹೋದರೆ ಪುಟ ತುಂಬುತ್ತದೆ, ವಿಂಗಡಣೆಯ ಸಾಲು ಆ ಸಂತೆಯಲ್ಲಿ ಕಾಣದೆ ಹೋಗುತ್ತದೆ. ಅತಿಯಾಗಿ ಹೇಳುವುದರಿಂದಲೂ ಮುಚ್ಚಿಡಬಹುದು.

ಇದೇ ಅಳತೆ ಮನುಷ್ಯರಿಗೂ ಅನ್ವಯಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣವಿದ್ದವರು ದುಡ್ಡು ಕೊಟ್ಟು ಇಂಗ್ಲಿಷ್ ಸಾರಾಂಶ ಬರೆಸಿಕೊಂಡದ್ದು, ಭಾಷೆ ತಿದ್ದಿಸಿಕೊಂಡದ್ದು, ಕೋಷ್ಟಕ ಮಾಡಿಸಿಕೊಂಡದ್ದು ಹೊಸತಲ್ಲ. ಅದನ್ನು ಯಾರೂ ಪುಟದಲ್ಲಿ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಇವತ್ತು ಬಳ್ಳಾರಿಯ ಹಳ್ಳಿಯೊಂದರಿಂದ ಬಂದ, ಮನೆಯಲ್ಲಿ ಮೊದಲ ಪದವೀಧರನಾದ ಹುಡುಗ ಅದೇ ಕೆಲಸವನ್ನು ಯಂತ್ರದಿಂದ ಮಾಡಿಸಿಕೊಂಡು, ಮಾಡಿಸಿಕೊಂಡೆ ಎಂದು ಬರೆದರೆ ಅವನ ಮೇಲೆ ಮಾತ್ರ ಸಂಶಯ ಬರುವುದು ಅನ್ಯಾಯ. ಪರೀಕ್ಷಕರಾದ ನಾವು ಹೇಳಿಕೆ ಇದ್ದದ್ದಕ್ಕೆ ಅಂಕ ಕಳೆಯುವ ಅಭ್ಯಾಸ ಬಿಡದೆ ಅವನಿಂದ ಪ್ರಾಮಾಣಿಕತೆ ಕೇಳುವ ಹಕ್ಕು ನಮಗಿಲ್ಲ.

ಹೇಳಿಕೆ ಎಷ್ಟು ಸ್ಪಷ್ಟವಾಗಿದ್ದರೂ ಸರಿಹೋಗದ ಒಂದು ಸಂದರ್ಭವಿದೆ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ ಸಂದರ್ಶನವನ್ನು ಅಕ್ಷರಕ್ಕಿಳಿಸಲು ಅಂತರ್ಜಾಲದ ಸೇವೆಯೊಂದಕ್ಕೆ ಏರಿಸಿದರೆ, ಜಗಲಿಯ ಮೇಲೆ ಕೂತು ತನ್ನ ಬಾಳಿನ ಕಷ್ಟ ಹೇಳಿಕೊಂಡ ಅಜ್ಜಿಯ ದನಿ ಅವಳಿಗೆ ಗೊತ್ತಿಲ್ಲದ ಕಡೆಗೆ ಹೋಗಿರುತ್ತದೆ. ಪ್ರಬಂಧದ ಪುಟದಲ್ಲಿ ಅದನ್ನು ಬರೆದರೆ ಪರೀಕ್ಷಕರಿಗೆ ತಿಳಿಯಿತು, ಅಜ್ಜಿಗೆ ತಿಳಿಯಲಿಲ್ಲ. ಅಲ್ಲಿ ಅವಳ ಒಪ್ಪಿಗೆ ಕೇಳಬೇಕಾದದ್ದು ಧ್ವನಿಮುದ್ರಣ ಶುರುಮಾಡುವ ಮೊದಲು, ಅವಳಿಗೆ ಅರ್ಥವಾಗುವ ಮಾತಿನಲ್ಲಿ. ಅವಳು ಬೇಡ ಅಂದರೆ ಕೂತು ಕೈಯಲ್ಲೇ ಬರೆದುಕೊಳ್ಳಬೇಕು.

ಇದೆಲ್ಲ ಆ ಕೊನೆಯ ರಾತ್ರಿ ನೆನಪಿಗೆ ಬರುವುದಿಲ್ಲ, ಮಸುಕು ಸಾಲಿಗೆ ಮುಖ್ಯ ಕಾರಣ ಅದೇ. ನಾಲ್ಕು ವರ್ಷದ ಹಿಂದೆ ಯಾವ ಪ್ಯಾರಾ ತಿದ್ದಿಸಿದೆ ಎಂದು ಯಾರಿಗೆ ಗೊತ್ತಿರುತ್ತದೆ? ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದು ಇನ್ನೂರು ಪುಟದ ನೋಟುಪುಸ್ತಕ ಇಡಿ ಎಂದು. ದಿನಾಂಕ, ಉಪಕರಣ, ಯಾವ ಅಧ್ಯಾಯ, ಏನು ಕೇಳಿದೆ, ಏನು ಇಟ್ಟುಕೊಂಡೆ, ಏನು ಬಿಟ್ಟೆ, ಹೇಗೆ ಪರಿಶೀಲಿಸಿದೆ. ಎರಡು ನಿಮಿಷದ ಕೆಲಸ. ಬಿಟ್ಟದ್ದನ್ನು ಬರೆಯುವುದು ಬಹಳ ಮುಖ್ಯ. ಯಂತ್ರ ಸೂಚಿಸಿದ ಲೇಖನವೊಂದನ್ನು ಹುಡುಕಿ ಗ್ರಂಥಾಲಯಕ್ಕೆ ಹೋಗಿ, ಆ ಸಂಪುಟದ ಆ ಪುಟದಲ್ಲಿ ಅಂಥ ಲೇಖನವೇ ಇಲ್ಲವೆಂದು ಕಂಡರೆ ಅದನ್ನೂ ಬರೆದಿಡಿ. ಆ ಒಂದು ನಮೂದು, ಉಳಿದ ಆಧಾರಗಳನ್ನೂ ಇವರು ಕೈಯಲ್ಲಿ ಹಿಡಿದು ನೋಡಿದ್ದಾರೆ ಎಂಬುದಕ್ಕೆ ಸಾಕ್ಷಿ.

ಮೌಖಿಕ ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ‘ಈ ಹದಿನಾಲ್ಕರಲ್ಲಿ ಒಂಬತ್ತು ಮನೆಮದ್ದು ಅಂದಿರಲ್ಲ, ಉಳಿದ ಐದು ಯಾವುವಮ್ಮ?’ ಎಂದು ಕೇಳಿದರೆ ಸಂಶೋಧನಾರ್ಥಿನಿ ಮೂರನೆಯ ಅನುಬಂಧ ತೆರೆಯುತ್ತಾರೆ. ‘ಮಕ್ಕಳ ಪಾಲನೆಯವು ಮನೆವಾರ್ತೆಗೆ ಹೋಗಿದ್ದವು ಸರ್. ಆ ಎರಡು ಗುಂಪುಗಳನ್ನು ನಾನು ಪೂರ್ತಿಯಾಗಿ ಮತ್ತೆ ಓದಿಲ್ಲ, ಅದಕ್ಕೇ ಅವುಗಳ ಅಂಕಿಯ ಮೇಲೆ ಯಾವ ವಾದವನ್ನೂ ಕಟ್ಟಿಲ್ಲ.’ ಪರೀಕ್ಷಕರು ತಮ್ಮ ಪ್ರತಿಯ ಅಂಚಿನಲ್ಲಿ ಒಂದು ಗುರುತು ಹಾಕಿಕೊಂಡು ಮುಂದಿನ ಪುಟ ತಿರುಗಿಸುತ್ತಾರೆ.